ಕಪ್ಪು ಬಸಿಯ ಶೃಂಗಾರ

ಮಳೆ ಸಂಜೆಯಲ್ಲಿ ಇಬ್ಬರು ಚಹಾ ಹಂಚಿಕೊಂಡು ಕುಡಿಯುವ ಪ್ರೇಮಕವಿತೆಯನ್ನು ಶೃಂಗಾರ ರಸದ ಗೃಹೋಪಯೋಗಿ ಶಾಖೆ ಎನ್ನಬಹುದು. ಇದರಲ್ಲಿ ನಾಯಕ ಬೆಟ್ಟ ಹತ್ತುವುದಿಲ್ಲ, ನಾಯಕಿ ತಾವರೆ ಎಲೆಯ ಮೇಲೆ ಪತ್ರ ಬರೆಯುವುದಿಲ್ಲ. ಹಾಲು ಉಕ್ಕದಂತೆ ನೋಡಿಕೊಳ್ಳುವುದೇ ಇಬ್ಬರ ಪಾಲಿನ ದೊಡ್ಡ ಸಾಹಸ. ಕನ್ನಡದಲ್ಲಿ ಈ ಶಾಖೆಗೆ ಗಟ್ಟಿ ನೆಲೆ ಸಿಕ್ಕಿದ್ದು 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದಾಗ. ಮದುವೆಯಾದ ಮೇಲೂ ಹೆಂಡತಿಯ ಮೇಲೆ ಕವಿತೆ ಬರೆಯಬಹುದೆಂಬ ಸಂಗತಿ ಹಲವು ಗಂಡಂದಿರ ಗಮನಕ್ಕೆ ಬಂದದ್ದೂ ಬಹುಶಃ ಆಗಲೇ.

ಇಂಥ ಕವಿತೆಯ ಮೊದಲ ನಿಯಮ, ಪ್ರೀತಿ ಎಂಬ ಮಾತನ್ನು ಬಾಯಿಬಿಡಬಾರದು ಎಂಬುದು. ಇದು ಹೊಸಬರ ಬಿಗುಮಾನವಲ್ಲ. ಹನ್ನೊಂದನೆಯ ಶತಮಾನದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳನ್ನು ಎಣಿಸುವಾಗ, ರಸವನ್ನೋ ಭಾವವನ್ನೋ ಅದರದೇ ಹೆಸರು ಹಿಡಿದು ಕೂಗುವುದನ್ನು ಪಟ್ಟಿಯ ತಲೆಗೇ ಇಟ್ಟಿದ್ದಾನೆ. ‘ನನಗೆ ನಾಚಿಕೆಯಾಯಿತು’ ಎಂದು ಹೇಳುವಷ್ಟು ಧೈರ್ಯವಿದ್ದವಳಿಗೆ ನಾಚಿಕೆಯಾಗಿದೆಯೆಂದು ನಂಬುವುದು ಹೇಗೆ?

ಹೆಸರು ಹೇಳದಿದ್ದರೆ ಸಾಲದು. ಇಲ್ಲೇ ಹೆಚ್ಚಿನ ಕವಿತೆಗಳು ಕೈಕೊಡುತ್ತವೆ. ಕವಿತೆಯಲ್ಲಿ ನಡೆಯುವ ಪ್ರತಿಯೊಂದು ಸಣ್ಣ ಕ್ರಿಯೆಗೂ ಪ್ರೀತಿಯನ್ನು ಬಿಟ್ಟು ಬೇರೊಂದು ಕಾರಣ, ಅಂದರೆ ಅತ್ತೆ ಕೇಳಿದರೆ ಹೇಳಬಹುದಾದ ಒಂದು ನೆಪ ಇರಬೇಕು. ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಎತ್ತಿಕೊಳ್ಳುವ ಒಂದು ಪ್ರಾಕೃತ ಗಾಹೆಯಲ್ಲಿ ಅತ್ತೆಯೇ ಹಾಜರಿದ್ದಾಳೆ. ಮನೆಗೆ ತಂಗಲು ಬಂದ ದಾರಿಹೋಕನಿಗೆ ಸೊಸೆ, ಅತ್ತೆ ಮಲಗುವ ಜಾಗ ಯಾವುದು, ತಾನು ಮಲಗುವ ಜಾಗ ಯಾವುದು ಎಂದು ಹಗಲಲ್ಲೇ ತೋರಿಸಿ, ನಿನಗೆ ಇರುಳುಗಣ್ಣು, ಎಡವಿ ನಮ್ಮ ಹಾಸಿಗೆಯ ಮೇಲೆ ಬಿದ್ದೀಯೆ ಎಂದು ಎಚ್ಚರಿಸುತ್ತಾಳೆ. ಮೇಲ್ನೋಟಕ್ಕೆ ಅದು ನಿಷೇಧ, ಒಳಗೆ ಪೂರ್ತಿ ಆಹ್ವಾನ. ಅತ್ತೆಯ ಕಿವಿಗೆ ಬಿದ್ದರೂ ಅದರಲ್ಲಿ ಆಕ್ಷೇಪಿಸಲು ಏನೂ ಸಿಗದು; ಕುರುಡನಿಗೆ ದಾರಿ ತೋರಿಸಿದ ಸೊಸೆ ಎಂದು ಮೆಚ್ಚಿಕೊಂಡರೂ ಮೆಚ್ಚಿಕೊಂಡಳೇ. ನೆಪ ಗಟ್ಟಿಯಾದಷ್ಟೂ ಧ್ವನಿ ಸ್ಪಷ್ಟವಾಗುತ್ತದೆ.

ಚಹಾ ಕವಿತೆಗೆ ಧಾರವಾಡ ಸೀಮೆ ಹೇಳಿಮಾಡಿಸಿದ ಜಾಗ. ಅಲ್ಲಿ ಮಳೆಯೂ ಇದೆ, ಚಹಾದ ಚಟವೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಕಪ್ಪಿನ ಜೊತೆಗೆ ಬಸಿ ಇದೆ. ಬೆಂಗಳೂರಿನ ಬೈಟು ಕಾಫಿಯಲ್ಲಿ ಮಾಣಿಯೇ ಎರಡು ಲೋಟಕ್ಕೆ ಸಮನಾಗಿ ಹಂಚಿ ತಂದಿಡುತ್ತಾನೆ. ನ್ಯಾಯ ಸಿಗುತ್ತದೆ, ಕವಿತೆಗೆ ಏನೂ ಉಳಿಯುವುದಿಲ್ಲ. ಕಪ್ಪು ಬಸಿಯಲ್ಲಿ ಹಾಗಲ್ಲ. ಸುರಿಯುವವರು ಒಬ್ಬರು, ಕಾಯುವವರು ಇನ್ನೊಬ್ಬರು. ಬಸಿ ಅಗಲವಾದ್ದರಿಂದ ಅದರ ಚಹಾ ಬೇಗ ಆರುತ್ತದೆ, ಬಸಿ ಹಿಡಿದವರು ಮೊದಲು ಕುಡಿಯುತ್ತಾರೆ. ಅಲ್ಲಿ ಹಿಡಿಸುವುದು ಕಡಿಮೆಯಾದ್ದರಿಂದ ಮತ್ತೆ ಮತ್ತೆ ಕೈ ಚಾಚಬೇಕು. ಇಷ್ಟು ನೆಪಗಳನ್ನು ಒಂದೇ ಪಾತ್ರೆ ಒದಗಿಸುವುದು ಅಪರೂಪ.

ಉದಾಹರಣೆಗೆಂದೇ ಕಟ್ಟಿದ ನಾಲ್ಕು ಸಾಲು ಹೀಗಿವೆ. ನಡೆ ಲಲಿತ ರಗಳೆಯದು, ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಪ್ರಾಸದ ಗೋಜಿಗೆ ಹೋಗಿಲ್ಲ.

ಹೊರಗೆ ಮಳೆ ನಿಂತಿಲ್ಲ, ಒಂದೆ ಕಪ್ಪಿನ ಹಾಲು;
ಬಸಿಗೆ ಸುರಿದಳು ಅವಳು, ಸುಡುವುದೆನುತಲೆ ಊದಿ.
ಬಸಿಯನವನಿಗೆ ಕೊಟ್ಟು ಕಪ್ಪು ಹಿಡಿದಳು ತಾನು;
ಚಳಿಗೆಂದಳವಳಾಗಿ, ಅವನು ಕೇಳಿರಲಿಲ್ಲ.

ಲಕ್ಷಣಕಾರರ ಲೆಕ್ಕದಲ್ಲಿ ಮಳೆ ಇಲ್ಲಿ ಉದ್ದೀಪನ ವಿಭಾವ. ಆದರೆ ಅದು ಬರೀ ಹಿನ್ನೆಲೆಯಲ್ಲಿ ಸುರಿಯುತ್ತ ಕೂತಿಲ್ಲ, ಕೆಲಸ ಮಾಡುತ್ತಿದೆ. ಮಳೆ ನಿಂತಿದ್ದರೆ ಅಂಗಡಿಗೆ ಹೋಗಿ ಹಾಲು ತರಬಹುದಿತ್ತು. ಎರಡು ಕಪ್ಪು ಚಹಾ ಆಗುತ್ತಿತ್ತು, ಕವಿತೆ ಆಗುತ್ತಿರಲಿಲ್ಲ. ಹಾಗೇ ಊದಿದ್ದು ಸುಡುತ್ತದೆ ಎಂಬುದಕ್ಕೆ, ಬಸಿ ಕೊಟ್ಟದ್ದು ಬೇಗ ಆರುತ್ತದೆ ಎಂಬುದಕ್ಕೆ. ಮೂರು ಸಾಲುಗಳವರೆಗೆ ಯಾರ ಮೇಲೂ ಏನೂ ಸಾಬೀತಾಗುವುದಿಲ್ಲ. ಸಿಕ್ಕಿಬೀಳುವುದು ನಾಲ್ಕನೆಯ ಸಾಲಿನಲ್ಲಿ. ಕಪ್ಪನ್ನು ತಾನೇ ಹಿಡಿಯಲು ಚಳಿ ಒಳ್ಳೆಯ ಕಾರಣವೇ. ಆದರೆ ಕೇಳುವ ಮೊದಲೇ ಕಾರಣ ಕೊಟ್ಟವರ ಮೇಲೆ ಯಾರಿಗಾದರೂ ಸಂಶಯ ಬರುತ್ತದೆ. ಇದೇ ಸಾಲು ‘ಒಲವಿಗೆಂದಳವಳಾಗಿ’ ಎಂದಿದ್ದರೂ ಮಾತ್ರೆ ಒಂದು ಹೆಚ್ಚಾಗುವುದನ್ನು ಬಿಟ್ಟರೆ ಛಂದಸ್ಸು ಹೇಗೋ ಸಹಿಸಿಕೊಳ್ಳುತ್ತಿತ್ತು, ಓದುಗ ಸಹಿಸುತ್ತಿರಲಿಲ್ಲ.

ಇಷ್ಟಾದರೂ ಪದ್ಯದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ: ನಾಯಕ ಕೂತಲ್ಲಿಂದ ಅಲ್ಲಾಡಿಲ್ಲ. ಚಹಾ ಮಾಡಿದ್ದು ಅವಳು, ಸುರಿದದ್ದು ಅವಳು, ಊದಿದ್ದೂ ಅವಳೇ. ಭರತನ ನಾಟ್ಯಶಾಸ್ತ್ರ ಶೃಂಗಾರಕ್ಕೆ ಬಹುತೇಕ ಎಲ್ಲ ಸಂಚಾರಿ ಭಾವಗಳನ್ನೂ ಒಳಗೆ ಬಿಡುತ್ತದೆ, ಆದರೆ ಉಗ್ರತೆ, ಜುಗುಪ್ಸೆಗಳ ಜೊತೆಗೆ ಆಲಸ್ಯವನ್ನೂ ಹೊರಗೆ ನಿಲ್ಲಿಸುತ್ತದೆ. ಸೋಫಾದ ಮೇಲೆ ಉರುಳಿಕೊಂಡು ‘ಚಾ ಆತೇನು?’ ಎಂದು ಕೂಗುವವನಿಗೆ ರಸದ ಮನೆಯಲ್ಲಿ ಪ್ರವೇಶವಿಲ್ಲವೆಂದು ಇದರ ಅರ್ಥ. ಹಾಗೆಂದು ಅವನಿಂದ ಈಗ ಒಂದು ಭಾಷಣ ಮಾಡಿಸುವಂತೆಯೂ ಇಲ್ಲ. ಅವಳದು ಎಷ್ಟು ಸಣ್ಣ ಕ್ರಿಯೆಯೋ ಅವನದೂ ಅಷ್ಟೇ ಸಣ್ಣದಿರಬೇಕು:

ಕಪ್ಪು ಬರಿದಿದ್ದರೂ ಬಸಿಯ ಚಾಚಿದನವನು;
ಇಲ್ಲವೆನ್ನದೆ ಅವಳು ಬರಿಗಪ್ಪನೆ ಎರೆದಳು.

ಈ ಎರಡು ಸಾಲು ಸೇರಿದ ಕೂಡಲೇ ಹಳೆಯ ನಿಯಮ ತಕರಾರು ತೆಗೆಯುತ್ತದೆ. ಖಾಲಿ ಕಪ್ಪನ್ನು ಖಾಲಿ ಬಸಿಗೆ ಬಗ್ಗಿಸುವುದಕ್ಕೆ ನೆಪ ಎಲ್ಲಿದೆ? ಇಬ್ಬರೂ ಕಣ್ಣಾರೆ ನೋಡುತ್ತ ಮಾಡಿದರೆ ಅದು ನಾಟಕವಾಗುತ್ತದೆ. ನಾಲ್ಕು ಸಾಲು ಮುಚ್ಚಿಟ್ಟದ್ದನ್ನು ಐದನೆಯದು ಮೈಕು ಹಿಡಿದು ಸಾರಿದಂತೆ. ರಿಪೇರಿ ಮೊದಲ ಸಾಲಿನಲ್ಲಿ ಮಾಡಬೇಕು. ‘ನಿಂತಿಲ್ಲ’ ಎಂಬಲ್ಲಿ ‘ಲೈಟಿಲ್ಲ’ ಎಂದು ಹಾಕಿದರೆ ಐದಕ್ಕೆ ಐದು ಮಾತ್ರೆ ಸರಿಹೊಂದುತ್ತದೆ: ‘ಹೊರಗೆ ಮಳೆ, ಲೈಟಿಲ್ಲ, ಒಂದೆ ಕಪ್ಪಿನ ಹಾಲು.’ ಮಳೆ ಬಂದಾಗ ಲೈಟು ಹೋಗುವುದಕ್ಕೆ ಕನ್ನಡ ಓದುಗ ಪುರಾವೆ ಕೇಳುವುದಿಲ್ಲ. ಈಗ ಅವನಿಗೆ ಕಪ್ಪು ಬರಿದಾದದ್ದು ಕಾಣಲಿಲ್ಲ, ಅವಳಿಗೂ ಕಾಣಲಿಲ್ಲ. ಕೈಯಲ್ಲಿದ್ದ ಕಪ್ಪಿನ ಹಗುರ ಅವಳಿಗೆ ಗೊತ್ತಾಗಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಕೇಳಬೇಕಾದ ಪ್ರಶ್ನೆ ಅದೇ. ಉತ್ತರವನ್ನು ಕವಿ ಕೊಡಬಾರದು, ಅಷ್ಟೆ.

ಆರು ಸಾಲಿನಲ್ಲಿ ಚಹಾ ಎಂಬ ಪದ ಒಮ್ಮೆಯೂ ಬಂದಿಲ್ಲ. ಇದಕ್ಕೆ ಸೂಕ್ಷ್ಮತೆ ಅರ್ಧ ಕಾರಣವಾದರೆ ಛಂದಸ್ಸು ಇನ್ನರ್ಧ. ‘ಚಹಾ’ದಲ್ಲಿ ಮೊದಲು ಲಘು, ಆಮೇಲೆ ಗುರು. ಮಾತ್ರಾಗಣ ಹೀಗೆ ಲಘು-ಗುರುವಿನಿಂದ ಶುರುವಾದರೆ ನಡೆ ಎಡವುತ್ತದೆ, ಕನ್ನಡ ಛಂದಸ್ಸು ಅದನ್ನು ಮೊದಲಿನಿಂದಲೂ ದೂರವಿಟ್ಟಿದೆ. ಹೀಗಾಗಿ ಕವಿಗಳು ‘ಚಹದ’, ‘ಚಾ’ ಎಂದು ಕತ್ತರಿಸಿ ಬಳಸಬೇಕು, ಇಲ್ಲವೇ ಹಾಲು, ಕಪ್ಪು, ಬಸಿ ಹೇಳಿ ಸುಮ್ಮನಾಗಬೇಕು. ಎರಡನೆಯದೇ ವಾಸಿ.

ಇನ್ನು ಉಳಿದದ್ದು ಶೀರ್ಷಿಕೆ. ಒಳಗೆ ಒಂದು ಮಾತೂ ಸೋರದಂತೆ ಕಟ್ಟಿ, ಮೇಲೆ ‘ಒಲವಿನ ಚಹಾ’ ಎಂದೋ ‘ಪ್ರೀತಿಯ ಗುಟುಕು’ ಎಂದೋ ಫಲಕ ಹಾಕುವ ಕವಿಗಳು ಪ್ರತಿ ಮಳೆಗಾಲಕ್ಕೂ ಸಿಗುತ್ತಾರೆ. ಮಮ್ಮಟ ಶೀರ್ಷಿಕೆಗೆ ವಿನಾಯಿತಿ ಕೊಟ್ಟಂತಿಲ್ಲ. ಈ ಪದ್ಯಕ್ಕೆ ‘ಬಸಿ’ ಎಂದಿಟ್ಟರೆ ಸಾಕು.