ಮಂದಗಮನ ಮೀಮಾಂಸೆ: ನಜರ್‌ಬಾದಿನಿಂದ ತಲಕಾಡಿಗೆ ಸೈಕಲ್ ತುಳಿಯುವ ವಿಚಾರ

ಸೈಕಲ್ ಪ್ರವಾಸದ ಬಗ್ಗೆ ಲೋಕದಲ್ಲಿ ಎರಡು ಪಂಥಗಳಿವೆ. ಬೆವರು ಸುರಿಸಿದಷ್ಟೂ ಪುಣ್ಯ ಎನ್ನುವವರದು ಒಂದು, ಬೆವರೇ ಬರಬಾರದು ಎನ್ನುವವರದು ಇನ್ನೊಂದು. ಈ ಪ್ರಬಂಧ ಎರಡನೆಯ ಪಂಥದ್ದು. ಅದರ ಸಿದ್ಧಾಂತ ಇಷ್ಟೇ: ನಜರ್‌ಬಾದಿನಿಂದ ರಜೆಗೆಂದು ಸೈಕಲ್ ಹತ್ತುವವನು ನೀರು ಹರಿಯುವ ದಿಕ್ಕಿಗೇ ಹೋಗಬೇಕು. ಪ್ರಮಾಣಗಳನ್ನು ಒಡ್ಡುವ ಮೊದಲು ಸ್ಥಳಪುರಾಣ. ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸಾಗಿಸಿ ನಜರ್‌ಬಾದಿನಲ್ಲಿ ಹೊಸ ಕೋಟೆ ಎಬ್ಬಿಸಹೊರಟ. 1799ರಲ್ಲಿ ಅವನು ಮಡಿದ ಮೇಲೆ ಅದೇ ಕಲ್ಲುಗಳು ಮತ್ತೆ ಮೈಸೂರಿಗೆ ವಾಪಸಾದವು. ಭಾರ ಹೊತ್ತು ಹೋಗಿ, ಏನೂ ಸಾಧಿಸದೆ ಹೊರಟಲ್ಲಿಗೇ ಬಂದು ಸೇರುವ ವ್ಯವಹಾರಕ್ಕೆ ಈ ಬಡಾವಣೆಯಲ್ಲಿ ಇಷ್ಟು ಹಿಂದಿನ ದಾಖಲೆಯಿದೆ. ವಿರಾಮದ ಪ್ರವಾಸಕ್ಕೆ ಇದಕ್ಕಿಂತ ಪ್ರಶಸ್ತವಾದ ಹೊರಡುನೆಲ ಬೇರೆಲ್ಲಿ ಸಿಕ್ಕೀತು?

ಇಲ್ಲಿ ಪೂರ್ವಪಕ್ಷದವರು ತಟ್ಟನೆ ಎದ್ದು ಚಾಮುಂಡಿ ಬೆಟ್ಟದತ್ತ ಕೈ ತೋರಿಸುತ್ತಾರೆ. ಬೆಟ್ಟ ಬೆನ್ನ ಹಿಂದೆಯೇ ಇದೆ, ನೆರಳಿದೆ, ತಿರುವುಗಳಿವೆ, ಮೇಲೆ ತಾಯಿಯ ದರ್ಶನವೂ ಇದೆ. ನಿಜ. ಆದರೆ ಬೆಟ್ಟದ ನೆತ್ತಿ ಊರಿಗಿಂತ ಸುಮಾರು 300 ಮೀಟರು ಮೇಲಿದೆ, ಗೇರಿಲ್ಲದ ಸೈಕಲ್ಲಿನವನಿಗೆ ಅದು ದರ್ಶನವಲ್ಲ, ಹರಕೆ. ನಮ್ಮ ಊರುಗಳಲ್ಲಿ ಓಡುವ ಸಾದಾ ಸೈಕಲ್ಲನ್ನೇ ಲೆಕ್ಕಕ್ಕೆ ಹಿಡಿಯೋಣ. ಮುಂದಿನ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನದಕ್ಕೆ 18. ಒಂದು ಸುತ್ತು ತುಳಿದರೆ ಗಾಲಿ ಎರಡೂವರೆ ಸುತ್ತಿಗೆ ತುಸು ಕಡಿಮೆ ತಿರುಗಿ, ಸೈಕಲ್ ಹೆಚ್ಚುಕಡಿಮೆ 5.4 ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ 40 ಸುತ್ತು, ಅಂದರೆ ಪಕ್ಕದವರ ಜೊತೆ ಹರಟುತ್ತ ತುಳಿಯುವ ಲಯ, ಗಂಟೆಗೆ 13 ಕಿ.ಮೀ. ಆಯಿತು. ಏರಿನಲ್ಲಿ ಇದೇ ಹಲ್ಲುಗಳು ಮಂಡಿಯ ಮೇಲೆ ಸೇಡು ತೀರಿಸಿಕೊಳ್ಳುತ್ತವೆ. ಎಲ್ಲಿ ಮಾತು ನಿಂತು ಏದುಸಿರು ಶುರುವಾಗುತ್ತದೋ ಅಲ್ಲಿಗೆ ರಜೆ ಮುಗಿದು ವ್ಯಾಯಾಮ ಹತ್ತಿಕೊಂಡಿತು ಎಂದು ತಿಳಿಯಬೇಕು. ಇದನ್ನು ಅಳೆಯಲು ಯಂತ್ರ ಬೇಡ, ವಾಕ್ಯದ ನಡುವೆ ಕ್ರಿಯಾಪದ ತಪ್ಪಿಹೋಯಿತೇ ಎಂದು ಗಮನಿಸಿದರೆ ಸಾಕು.

ಆದ್ದರಿಂದ ಪೂರ್ವಾಭಿಮುಖ. ಲಲಿತಮಹಲಿನ ಕಡೆ ಹೊರಟು, ರಿಂಗ್ ರಸ್ತೆಯನ್ನು ಸಾಷ್ಟಾಂಗ ಎಚ್ಚರದಿಂದ ದಾಟಿ, ಬನ್ನೂರಿನ ರಸ್ತೆ ಹಿಡಿದರೆ ನೆಲ ತಾನಾಗಿಯೇ ಕಾವೇರಿಯತ್ತ ಇಳಿಯುತ್ತ ಹೋಗುತ್ತದೆ. ಮೈಸೂರಿನ ದಿಬ್ಬಕ್ಕೂ ಹೊಳೆಯ ಬಯಲಿಗೂ ಇರುವ ಅಂತರ ಸುಮಾರು ನೂರು ಮೀಟರು. ಅದು ಹತ್ತಾರು ಕಿ.ಮೀ. ಉದ್ದಕ್ಕೆ ಹರಡಿಕೊಂಡಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಪೆಡಲಿಗೆ ಮಾತ್ರ ಗೊತ್ತಾಗುತ್ತದೆ. ಹೊಳೆಯ ಬಯಲಿಗೆ ಇಳಿದ ಮೇಲೆ ನಾಲೆಗಳ ಸೀಮೆ. ನಾಲೆ ತೋಡಿದವರಿಗೆ ನೀರನ್ನು ಎತ್ತುವ ಹಾಗಿರಲಿಲ್ಲ, ಅದು ಹರಿಯಬೇಕಾದರೆ ದಿಬ್ಬ ಬಂದಲ್ಲಿ ಬಳಸಲೇಬೇಕು. ಹೀಗಾಗಿ ನಾಲೆಯ ಏರಿಯ ಮೇಲಿನ ದಾರಿ ಎಷ್ಟು ಸೊಟ್ಟಗಿದ್ದರೂ ಮಟ್ಟಸ. ಸೊಟ್ಟ ದಾರಿ ದೂರ ಎಂಬ ಆಕ್ಷೇಪಕ್ಕೆ ಉತ್ತರ: ಬೇಗ ತಲುಪಬೇಕಾದವರಿಗೆ ಬಸ್ಸಿದೆ.

ಮೊದಲ ದಿನದ ದೂರವನ್ನು ಸೂರ್ಯನೇ ನಿಗದಿಪಡಿಸುತ್ತಾನೆ. ಬೆಳಗ್ಗೆ ಆರೂವರೆಗೆ ಹೊರಟರೆ ಹನ್ನೊಂದಕ್ಕೆ ಬಿಸಿಲು ನೆತ್ತಿಗೆ ಕೈಹಾಕುತ್ತದೆ. ನಡುವಿನ ನಾಲ್ಕೂವರೆ ಗಂಟೆಯಲ್ಲಿ ಮೂರನ್ನು ತುಳಿತಕ್ಕೂ ಉಳಿದುದನ್ನು ಬನ್ನೂರಿನ ಇಡ್ಲಿ, ಕಾಫಿ ಮತ್ತು ನಿಷ್ಕಾರಣ ನಿಲುಗಡೆಗಳಿಗೂ ಮೀಸಲಿಟ್ಟರೆ, ಸುಮಾರು 35 ಕಿ.ಮೀ. ದೂರದ ಸೋಮನಾಥಪುರ ಲೆಕ್ಕಕ್ಕೆ ಸರಿಹೊಂದುತ್ತದೆ. ಹೊಯ್ಸಳರ ಕೇಶವ ದೇಗುಲ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಸೈಕಲಿಗನಿಗೆ ಅದಕ್ಕಿಂತ ಮುಖ್ಯವಾದ ಸಂಗತಿ ಪ್ರಾಕಾರದ ಸುತ್ತಲಿನ ಕೈಸಾಲೆ: ಮಧ್ಯಾಹ್ನ ಕಳೆಯುವಷ್ಟು ನೆರಳು ಅಲ್ಲಿದೆ. ಹೊರಗೋಡೆಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಎಂಬ ರೂವಾರಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಅದನ್ನು ಹುಡುಕುತ್ತ ಸುತ್ತು ಬರುವುದಕ್ಕೆ ಪುರಸೊತ್ತು ಬೇಕು, ಗೈಡು ಗಂಟೆ ನೋಡುತ್ತಿದ್ದರೆ ಆಗುವ ಕೆಲಸವಲ್ಲ. ಬಿಸಿಲಿಳಿದ ಮೇಲೆ ಇನ್ನೊಂದು ಹತ್ತು ಹನ್ನೆರಡು ಕಿ.ಮೀ. ಸಾಗಿದರೆ ತಿರುಮಕೂಡಲು ನರಸೀಪುರ, ರಾತ್ರಿಯ ತಂಗುದಾಣ. ಕಾವೇರಿ ಕಪಿಲೆಯರ ಸಂಗಮದ ಈ ಊರಿನ ಗುಂಜಾ ನರಸಿಂಹ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಭಕ್ತರ ನಂಬಿಕೆ. ಸಾಮಾನನ್ನು ಗ್ರಾಮಿನ ಲೆಕ್ಕದಲ್ಲಿ ಕಳೆಯುವ ಸೈಕಲ್ ಪಂಡಿತರು ಇಲ್ಲಿ ತಲೆಬಾಗಲೇಬೇಕು.

ಎರಡನೆಯ ದಿನ ಮುಡುಕುತೊರೆಯ ಮೇಲೆ ತಲಕಾಡಿಗೆ, 18 ಕಿ.ಮೀ. ಆಸುಪಾಸು. ಇಷ್ಟು ಕಡಿಮೆಯೇ ಎಂದು ಹುಬ್ಬೇರಿಸುವವರು ಇದ್ದಾರೆ. ದೂರದ ಸೈಕಲ್ ಸವಾರಿಯ ನಿಯಮಬದ್ಧ ಕೂಟಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಗಡುವು, ಅಂದರೆ ನಿಲುಗಡೆಗಳೂ ಸೇರಿ ಗಂಟೆಗೆ ಹೆಚ್ಚುಕಡಿಮೆ 15 ಕಿ.ಮೀ. ಆ ಲೆಕ್ಕದಲ್ಲಿ ತಲಕಾಡು ಒಂದೂ ಕಾಲು ಗಂಟೆಯ ಮಾತು. ಆದರೆ ಆ ಸವಾರರಿಗೆ ಕೊನೆಯಲ್ಲಿ ಸಿಗುವುದು ಹಾಜರಿ ಮುದ್ರೆ, ನಮ್ಮವನಿಗೆ ಸಿಗಬೇಕಾದ್ದು ಹೊಳೆಯಲ್ಲಿ ಕಾಲಿಳಿಬಿಟ್ಟು ಕೂರುವ ಮಧ್ಯಾಹ್ನ. ಅಲ್ಲದೆ ತಲಕಾಡಿನ ಮರಳಿನಲ್ಲಿ ಸೈಕಲ್ ಓಡುವುದಿಲ್ಲ, ಗಾಲಿ ಹೂತುಕೊಂಡು ನಿಲ್ಲುತ್ತದೆ. ವೈದ್ಯೇಶ್ವರನ ಗುಡಿಯ ಬಳಿ ಸೈಕಲ್ಲಿಗೆ ಬೀಗ ಹಾಕಿ, ಉಳಿದ ಗುಡಿಗಳಿಗೆ ಬರಿಗಾಲಲ್ಲಿ ಮರಳು ತುಳಿಯಬೇಕು. ಆ ನಡಿಗೆಗೆ ಕಾಲಿನಲ್ಲಿ ಶಕ್ತಿ ಉಳಿದಿರಲಿ ಎಂದೇ ದೂರ ಕಡಿಮೆ.

ಇನ್ನು ಋತು ನಿರ್ಣಯ. ನವೆಂಬರಿನಿಂದ ಫೆಬ್ರುವರಿವರೆಗೆ ಪ್ರಶಸ್ತ ಎಂಬುದರಲ್ಲಿ ವಿವಾದವಿಲ್ಲ, ಆದರೆ ಅದೇ ಕಾಲದ ಒಂದು ವಿಘ್ನವನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಸುಗ್ಗಿಯಲ್ಲಿ ರೈತರು ರಾಗಿತೆನೆ, ಹುರುಳಿಬಳ್ಳಿಯನ್ನು ಡಾಂಬರಿನ ಮೇಲೆ ಹರಡಿ ಒಕ್ಕಣೆಯನ್ನು ಹೋಗಿಬರುವ ವಾಹನಗಳಿಗೆ ವಹಿಸುತ್ತಾರೆ. ಲಾರಿಗೆ ಅದರಿಂದ ಬಾಧಕವಿಲ್ಲ. ಸೈಕಲ್ಲಿಗಾದರೆ ಬಳ್ಳಿ ಹಿಂದಿನ ಗಾಲಿಯ ಗುಂಭಕ್ಕೆ ಸುತ್ತಿಕೊಂಡು, ಚೈನು ಹಲ್ಲಿನಿಂದ ಜಿಗಿಯುತ್ತದೆ. ಪೆಡಲು ಇದ್ದಕ್ಕಿದ್ದಂತೆ ಬಿಗಿಯಾಗಿ, ಹಿಂದಿನಿಂದ ಸರಸರ ಸದ್ದು ಬಂದರೆ ಅದೇ ಗುರುತು. ಒತ್ತಿ ತುಳಿಯಬಾರದು, ಇಳಿದು ಗಾಲಿಯನ್ನು ಹಿಂದಕ್ಕೆ ತಿರುಗಿಸುತ್ತ ಬಳ್ಳಿಯನ್ನು ಬಿಡಿಸಬೇಕು. ಒಕ್ಕಣೆ ರಸ್ತೆಯಲ್ಲಿ ತಪ್ಪಲ್ಲವೇ ಎಂಬ ಕಾನೂನಿನ ಪ್ರಶ್ನೆಯನ್ನು ಹುರುಳಿಯ ಒಡತಿ ಪೊರಕೆ ಹಿಡಿದು ಅಲ್ಲೇ ನಿಂತಿರುವಾಗ ಎತ್ತುವುದು ವಿವೇಕವಲ್ಲ.

ಕೊನೆಯ ಆಕ್ಷೇಪವೇ ಬಲವಾದದ್ದು: ಇಳಿದವನು ಹತ್ತಲೇಬೇಕಲ್ಲ? ಸಿದ್ಧಾಂತ ಇಲ್ಲಿ ಅಲುಗಾಡುವುದನ್ನು ಒಪ್ಪೋಣ. ವಾಪಸು ದಾರಿಯಲ್ಲಿ ಅದೇ ನೂರು ಮೀಟರು ಬಡ್ಡಿಯಿಲ್ಲದ ಸಾಲದಂತೆ ಕಾದಿರುತ್ತದೆ. ಅದನ್ನು ತೀರಿಸಲು ಎರಡು ಮಾರ್ಗ: ಮೂರನೆಯ ದಿನ ನರಸೀಪುರದಲ್ಲಿ ತಂಗಿ ನಾಲ್ಕನೆಯ ಬೆಳಗ್ಗೆ ನಸುಕಿನಲ್ಲೇ ಮೈಸೂರಿನ ದಾರಿ ಹಿಡಿಯುವುದು, ಇಲ್ಲವೇ ತಲಕಾಡಿನಲ್ಲೇ ಒಂದು ಲಗೇಜ್ ಆಟೋ ಗೊತ್ತುಮಾಡುವುದು. ಶಾಸ್ತ್ರ ಮೊದಲನೆಯದನ್ನು ಹೊಗಳುತ್ತದೆ. ಆಟೋ ಹಿಡಿಯುವವರು ಬಾಡಿಗೆಯನ್ನು ಸೈಕಲ್ ಏರಿಸುವ ಮೊದಲೇ ಮಾತಾಡಿಕೊಳ್ಳಿ.