ಕತ್ತಿನ ತಪ್ಪಿಗೆ ಹೊಟ್ಟೆಗೆ ದಂಡ

ಪಿಯುಸಿ ಉತ್ತರಪತ್ರಿಕೆ ತಿದ್ದಲು ಕೂತವರ ಕತ್ತು ಮೂರನೇ ದಿನಕ್ಕೇ ಹೇಳಿದ ಮಾತು ಕೇಳುವುದನ್ನು ಬಿಡುತ್ತದೆ. ನನ್ನದೂ ಹಿಡಿದುಕೊಂಡಿತು. ಎಡಕ್ಕೆ ಯಾರಾದರೂ ಕರೆದರೆ ಕುರ್ಚಿ ಸಮೇತ ತಿರುಗಬೇಕು. ಬೀದಿ ತುದಿಯ ಮೆಡಿಕಲ್ ಸ್ಟೋರಿನ ಹುಡುಗ ಚೀಟಿ ಗೀಟಿ ಕೇಳದೆ ಡೈಕ್ಲೊಫೆನಾಕ್ ಮಾತ್ರೆಯ ಒಂದು ಸ್ಟ್ರಿಪ್ಪು ಕೊಟ್ಟು, "ಹೂವೆತ್ತಿದ ಹಾಗೆ ಹೋಗುತ್ತೆ ಮೇಡಂ" ಅಂದ. ಹೋಯಿತು ಕೂಡ. ಸಂಜೆಗೆ ವಾಪಸ್ಸು ಬಂತು. ಇನ್ನೊಂದು ನುಂಗಿದೆ.

ಆಮೇಲೆ ಅದೇ ದಿನಚರಿ. ಬಸ್ಸು ತಪ್ಪೀತೆಂದು ಬೆಳಗಿನ ತಿಂಡಿಗೆ ಚಕ್ಕರ್, ಕಾಫಿಗೆ ಹಾಜರ್. ಮಧ್ಯಾಹ್ನ "ಈ ಬಂಡಲ್ ಒಂದು ಮುಗಿಸಿಬಿಡೋಣ" ಎಂದು ಡಬ್ಬಿ ತೆರೆಯುವಾಗ ಮೂರು ಗಂಟೆ. ನಡುವೆ ಮಾತ್ರೆ, ದಿನಕ್ಕೆ ಎರಡು, ಕೆಲವೊಮ್ಮೆ ಮೂರು. ಎಂಟನೇ ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಎದೆಗೂಡಿನ ಕೆಳಗೆ, ಹೊಕ್ಕುಳಿಗಿಂತ ಮೇಲೆ ಒಂದಂಗುಲ ಜಾಗದಲ್ಲಿ ಯಾರೋ ಸೌದೆ ಒಲೆ ಹೂಡಿದ್ದರು. ಫ್ರಿಜ್ಜಿನ ಹಾಲು ಕುಡಿದೆ, ತಣ್ಣಗಾಯಿತು. ಗಂಟೆ ಕಳೆಯುವಷ್ಟರಲ್ಲಿ ಒಲೆಗೆ ಇನ್ನೆರಡು ಕೊಳ್ಳಿ ಸೇರಿದ್ದವು. ಹಾಲು ಮೊದಲು ಆಸಿಡ್ಡನ್ನು ತಣಿಸಿ, ಆಮೇಲೆ ತಾನೇ ಹೊಸದನ್ನು ಸುರಿಸುತ್ತದೆ ಎಂಬುದು ನನಗಾಗಲಿ ಹಾಲಿಗಾಗಲಿ ಗೊತ್ತಿರಲಿಲ್ಲ.

"ಗ್ಯಾಸ್ಟ್ರಿಕ್ಕು ಕಣೇ" ಎಂದರು ಅತ್ತೆ. ನಮ್ಮ ಕಡೆ ತಲೆನೋವು, ಬೆನ್ನು ಹಿಡಿತ, ಸಿಟ್ಟು ಎಲ್ಲವೂ ಗ್ಯಾಸ್ಟ್ರಿಕ್ಕೇ. ಈ ಸಲ ಮಾತ್ರ ಅವರು ಗೆದ್ದರು.

ಡಾಕ್ಟರು ಮೊದಲು ಹೊಟ್ಟೆ ಮುಟ್ಟಲಿಲ್ಲ, ಪ್ರಶ್ನೆಪತ್ರಿಕೆ ತೆಗೆದರು. ಮಲ ಡಾಂಬರಿನ ಹಾಗೆ ಕಪ್ಪಗಿದೆಯಾ? ವಾಂತಿಯಲ್ಲಿ ರಕ್ತವೋ ಕಾಫಿ ಚರಟದಂಥದ್ದೋ ಬಂತಾ? ತೂಕ ಇಳಿದಿದೆಯಾ? ಬೆವರು, ತೋಳಿಗೋ ದವಡೆಗೋ ಹರಿಯುವ ನೋವು? ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ದರೂ ನನ್ನನ್ನು ಅಲ್ಲಿಂದಲೇ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರಂತೆ. ಎಲ್ಲಕ್ಕೂ ಇಲ್ಲ ಎಂದು ಪಾಸಾದೆ. ಆಮೇಲೆ ಎರಡು ಬೆರಳಲ್ಲಿ ಆ ಒಂದಂಗುಲ ಜಾಗವನ್ನೇ ಒತ್ತಿದರು. ನಾನು ಕೂಗಿದ್ದು ಹೊರಗೆ ಟೋಕನ್ ಹಿಡಿದು ಕೂತವರಿಗೆ ಕೇಳಿಸಿರಬೇಕು.

"ಮಾತ್ರೆ ಊಟ ಆದಮೇಲೇ ತಗೊಂಡಿದ್ದು ಡಾಕ್ಟ್ರೇ" ಎಂದು ಸುಳ್ಳು ಹೇಳಿದೆ.

"ಊಟಕ್ಕಿಂತ ಮುಂಚೆ ತಗೊಂಡ್ರೂ ಅಷ್ಟೇ, ಆಮೇಲೆ ತಗೊಂಡ್ರೂ ಅಷ್ಟೇ" ಎಂದು ನನ್ನ ಸುಳ್ಳನ್ನು ನಿರುಪಯೋಗಿ ಮಾಡಿಬಿಟ್ಟರು. ನನ್ನ ಲೆಕ್ಕದಲ್ಲಿ ಮಾತ್ರೆ ಹೊಟ್ಟೆಗೆ ಬಿದ್ದ ಜಾಗವನ್ನು ಸುಡುತ್ತದೆ, ಅನ್ನದ ಹಾಸಿಗೆ ಹಾಸಿದರೆ ಸಾಕು. ಊಟದಿಂದ ಉರಿ ಸ್ವಲ್ಪ ತಗ್ಗೀತು, ನಿಜ. ಆದರೆ ಅಸಲಿ ಹಾನಿ ಆಗುವುದು ರಕ್ತದ ಮೂಲಕ. ಕತ್ತಿನಲ್ಲಿ ನೋವೆಬ್ಬಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವೇ ಹೊಟ್ಟೆಯೊಳಗೆ ಕಾವಲುಗಾರ. ಜಠರದ ಗೋಡೆಗೆ ಲೋಳೆ ಬಳಿಸಿ, ಆಸಿಡ್ ತಾಗದಂತೆ ನೋಡಿಕೊಳ್ಳುತ್ತದೆ. ಮಾತ್ರೆಗೆ ಕತ್ತು ಯಾವುದು ಹೊಟ್ಟೆ ಯಾವುದು ಎಂಬ ಭೇದವಿಲ್ಲ. ಎರಡೂ ಕಡೆ ಅದರ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಂಡರೂ ಕಥೆ ಇದೇ. ಕಾವಲುಗಾರನಿಗೆ ರಜೆ ಕೊಟ್ಟು, ಖಾಲಿ ಮನೆಗೆ ಖಾಲಿ ಹೊಟ್ಟೆಯ ಕಾಫಿಯನ್ನು ನಾನೇ ಕರೆದಿದ್ದೆ.

ಆ ಸ್ಟ್ರಿಪ್ಪು ಬಂದ್. ಕತ್ತಿಗೆ ಬಿಸಿನೀರಿನ ಚೀಲ, ತೀರಾ ಬೇಕಾದರೆ ಪ್ಯಾರಾಸಿಟಮಾಲ್. ಹೊಟ್ಟೆಗೆ ಪ್ಯಾಂಟೊಪ್ರಜೋಲ್ 40, ನಾಲ್ಕು ವಾರ, ತಿಂಡಿಗೆ ಅರ್ಧ ಗಂಟೆ ಮುಂಚೆ. ಇಲ್ಲೂ ನಾನು ಜಾಣತನ ತೋರಿಸಿದೆ. ಮಾತ್ರೆ ನುಂಗಿ, ಕೆಲಸ ಆಯಿತೆಂದು ತಿಂಡಿ ಬಿಟ್ಟು ಬಸ್ಸು ಹತ್ತಿದೆ. ಮೂರು ದಿನವಾದರೂ ಉರಿ ಇಳಿಯದೆ ಡಾಕ್ಟರಿಗೆ ಫೋನ್ ಮಾಡಿದರೆ, "ತಿಂಡಿ ಏನು ತಿಂದ್ರಿ?" ಎಂದರು. ಜಠರದ ಆಸಿಡ್ ಪಂಪುಗಳು ಊಟ ಬಂದಾಗ ಎದ್ದು ಕೆಲಸಕ್ಕೆ ನಿಲ್ಲುತ್ತವೆ. ಈ ಮಾತ್ರೆ ಎದ್ದು ನಿಂತ ಪಂಪನ್ನಷ್ಟೇ ಹಿಡಿದು ಕಟ್ಟಬಲ್ಲದು, ಮಲಗಿದವನನ್ನು ಬಿಟ್ಟುಬಿಡುತ್ತದೆ. ತಿಂಡಿ ತಿನ್ನದವಳಿಗೆ ಮಾತ್ರೆ ಅರ್ಧ ದಂಡ.

ಪಥ್ಯದ ಖಾತೆಯನ್ನು ಅತ್ತೆ ವಹಿಸಿಕೊಂಡರು. ಮೊದಲ ನಾಲ್ಕು ದಿನ ಗಂಜಿ, ಹೆಸರುಬೇಳೆ ತೊವ್ವೆ, ಸೋರೆಕಾಯಿ. ಐದನೇ ದಿನ ಸೋರೆಕಾಯಿ ನನ್ನನ್ನೇ ದಿಟ್ಟಿಸಿ ನೋಡುತ್ತಿದೆ ಅನ್ನಿಸಿತು. ಎಲ್ಲರಿಗೂ ಒಂದೇ ನಿಷೇಧದ ಪಟ್ಟಿ ಇಲ್ಲ, ನಿಮಗೆ ಯಾವುದು ಉರಿಸುತ್ತೆ ಬರೆದಿಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರಿಂದ ಹಳೆಯ ಹಾಜರಿ ಪುಸ್ತಕದಲ್ಲಿ ಬರೆದೆ. ಇಡ್ಲಿ, ತೇರ್ಗಡೆ. ನೀರುಮಜ್ಜಿಗೆ, ತೇರ್ಗಡೆ. ಹಸಿಮೆಣಸಿನ ಚಟ್ನಿ, ಅನುತ್ತೀರ್ಣ. ಮಾವಿನಕಾಯಿ ಚಿತ್ರಾನ್ನಕ್ಕೆ ಮರುಮೌಲ್ಯಮಾಪನ ಕೊಟ್ಟು ನೋಡಿದೆ, ಮತ್ತೆ ಅನುತ್ತೀರ್ಣ. ಕಾಫಿ ತಿಂಡಿಯ ಹಿಂದೆ ಬಂದರೆ ಪಾಸು, ಮುಂದೆ ಬಂದರೆ ಡಿಬಾರ್. ರಾತ್ರಿ ಊಟ ಹತ್ತರಿಂದ ಏಳೂವರೆಗೆ ಇಳಿಯಿತು. ಉಂಡ ಎರಡು ಮೂರು ಗಂಟೆ ಮಲಗುವ ಹಾಗಿಲ್ಲದ್ದರಿಂದ ಅತ್ತೆಯ ಧಾರಾವಾಹಿಗಳ ಕಥೆಯೆಲ್ಲ ನನಗೆ ಬಾಯಿಪಾಠ.

ತಿಂಡಿ ತಿನ್ನತೊಡಗಿದ ಐದಾರು ದಿನಕ್ಕೆ ಬೆಳಗಿನವರೆಗೆ ನಿದ್ದೆ ಬಂತು.

ಮುಂದಿನ ಪರೀಕ್ಷೆಯ ಮೌಲ್ಯಮಾಪನದಲ್ಲಿ ಎದುರು ಕೂತ ಇತಿಹಾಸದ ಮೇಡಂ ಕತ್ತು ಒತ್ತಿಕೊಳ್ಳುತ್ತ ಬ್ಯಾಗಿಗೆ ಕೈ ಹಾಕಿದರು. ಪರಪರ ಸದ್ದಿಗೇ ಸ್ಟ್ರಿಪ್ಪು ಯಾವುದೆಂದು ಗೊತ್ತಾಯಿತು. ಒಂದು ಗಂಟೆಯ ಬೆಲ್ಲು ಹೊಡೆದಿತ್ತು.

"ಮೇಡಂ, ಬೆಳಿಗ್ಗೆ ತಿಂಡಿ ಆಯ್ತಾ?" ಎಂದೆ.

"ಕಾಫಿ ಆಯ್ತು" ಎಂದರು.

ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ಇಡ್ಲಿ ಡಬ್ಬಿಯನ್ನು ಅವರ ಬಂಡಲ್ಲಿನ ಮೇಲೆಯೇ ಇಟ್ಟೆ.