ನವೆಂಬರ್ ಒಂದು, ಕುಣಿಯೋ ಹಾಗಿಲ್ಲ

ಮ್ಯೂನಿಕ್‌ನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಊರಿನ ಮಳೆ, ರಾಜಕೀಯ, ಹೊಸ ಸಿನಿಮಾ ಎಲ್ಲ ಹತ್ತೇ ನಿಮಿಷಕ್ಕೆ ಮುಗಿಯುತ್ತವೆ. ಆಮೇಲೆ ಶುರುವಾಗುವುದು ಹಿಟ್ಟಿನ ವಿಚಾರ. "ನಿಮ್ದು ಉಬ್ತಾ?" ಅಂತ ಒಬ್ಬರು ಕೇಳುತ್ತಾರೆ. "ಎಲ್ಲಿ ಉಬ್ಬುತ್ತೆ, ಮಲ್ಗಿದೆ" ಅಂತ ಇನ್ನೊಬ್ಬರು. ಊರು ನೆನಪಾಗುತ್ತಿದೆ ಅಂತ ನಮ್ಮ ಗುಂಪಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ವಾರಗಟ್ಟಲೆ ಕಾಡಿಸುತ್ತಾರೆ. ಹಾಗಾಗಿ ಆ ಸಂಕಟವನ್ನೆಲ್ಲ ಉದ್ದಿನಬೇಳೆಯ ಮೇಲೆ ಹಾಕಿ ಮಾತಾಡುವುದು ರೂಢಿ.

ಭಾನುವಾರ ಬೆಳಗ್ಗೆ ದೋಸೆ ತಿನ್ನಬೇಕು ಅಂದರೆ ಇಲ್ಲಿ ಪಂಚಾಂಗ ನೋಡಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ ಇಡೀ ದಿನ ಮೌನ. ಅನೇಕ ಕಟ್ಟಡಗಳ ನಿಯಮದಲ್ಲಿ ಮಧ್ಯಾಹ್ನ 1ರಿಂದ 3 ಸಹ ವಿಶ್ರಾಂತಿಯ ಹೊತ್ತು. ಅಂದಮೇಲೆ ಶನಿವಾರ ಹನ್ನೊಂದಕ್ಕೆ ಅಕ್ಕಿ, ಉದ್ದು ನೆನೆಹಾಕಿ, ಈ ಮಧ್ಯಾಹ್ನದ ರಾಹುಕಾಲ ಕಳೆಯಲಿ ಅಂತ ಕಾದು, ನಾಲ್ಕರ ಮೇಲೆ ಗ್ರೈಂಡರ್ ಹಾಕಬೇಕು. ರುಬ್ಬುವಾಗ ಮೆಂತ್ಯ ಮುಗಿದಿದೆ ಅಂತ ಗೊತ್ತಾದರೆ ಎಂಟರೊಳಗೆ ಓಡಬೇಕು. ಬವೇರಿಯಾದಲ್ಲಿ ಎಂಟಕ್ಕೆ ಅಂಗಡಿ ಮುಚ್ಚಿದರೆ ಮತ್ತೆ ಬಾಗಿಲು ತೆಗೆಯುವುದು ಸೋಮವಾರವೇ, ರೈಲ್ವೆ ನಿಲ್ದಾಣದಂಥ ಕೆಲವು ಜಾಗ ಬಿಟ್ಟರೆ.

ನಮ್ಮ ಮಂಡ್ಯದ ಗೆಳೆಯ ಒಮ್ಮೆ ಭಾನುವಾರ ಚಟ್ನಿಗೆ ಅಂತ ಮಿಕ್ಸಿ ತಿರುಗಿಸಿದ. ಕೆಳಗಿನ ಮನೆಯ ಅಜ್ಜಿ ನೀಟಾಗಿ ಕಾಗದ ಬರೆದು ಬಾಗಿಲಿಗೆ ಅಂಟಿಸಿ ಹೋದರು. "ನಮ್ಮಜ್ಜಿ ಆಗಿದ್ರೆ, ಏನ್ಲಾ ಕಾಯಿ ಚಟ್ನಿನಾ ಅಂತ ತಟ್ಟೆ ಹಿಡ್ಕಂಡೇ ಬರೋರು" ಅಂದ. ಧಾರವಾಡದ ಅಕ್ಕನವರಿಗೆ ಅವನ ಮೇಲೆ ಒಂದಿಷ್ಟೂ ಕನಿಕರ ಬರಲಿಲ್ಲ. "ನಿಂದು ಬರೇ ಎರಡು ನಿಮಿಷದ ಮಿಕ್ಸಿ. ನಾ ಇಲ್ಲಿ ರೊಟ್ಟಿ ಹ್ಯಾಂಗ ಬಡೀಲಿ? ಸಪ್ಪಳಕ್ಕ ಗೋಡಿಗೆ ಮೊಳಿ ಹೊಡಿಯಾಕತ್ತಾರ ಅಂತ ತಿಳಕೊಂಡಾರ!"

ರುಬ್ಬಿದರೆ ಮುಗಿಯಿತೇ? ಹಿಟ್ಟು ಹುಳಿ ಬರುವುದು ಅದರೊಳಗಿನ ಬ್ಯಾಕ್ಟೀರಿಯಾದಿಂದ, ಅವು ಉದ್ದು ಅಕ್ಕಿಯ ಜೊತೆಗೇ ಬಂದಿರುತ್ತವೆ. ಮೂವತ್ತರ ಆಸುಪಾಸಿನ ಸೆಖೆ ಇದ್ದರೆ ರಾತ್ರಿ ಕಳೆಯುವುದರೊಳಗೆ ಕೆಲಸ ಮುಗಿಸುತ್ತವೆ. ನಮ್ಮ ಅಡುಗೆಮನೆ ಜನವರಿಯಲ್ಲಿ 19 ಡಿಗ್ರಿ. ಬೆಳಗ್ಗೆ ಮುಚ್ಚಳ ತೆಗೆದರೆ ಹಿಟ್ಟು ನಿನ್ನೆ ಹೇಗಿತ್ತೋ ಹಾಗೇ ಇರುತ್ತದೆ. "ಅದಕ್ಕ ಯಾಕ ಬೈತೀರಿ, ಅದರ ವೀಸಾ ಇನ್ನೂ ಬಂದಿಲ್ಲ" ಅನ್ನುತ್ತಾರೆ ಅಕ್ಕ. ಹಳಬರ ಉಪಾಯ, ಪಾತ್ರೆಯನ್ನು ಓವನ್ನಿನೊಳಗಿಟ್ಟು ಬರೀ ಒಳಗಿನ ದೀಪ ಹಾಕುವುದು. ಹಳೇ ಬಲ್ಬಿನ ಶಾಖಕ್ಕೆ ಹಿಟ್ಟು ಸೊಗಸಾಗಿ ಉಬ್ಬುತ್ತಿತ್ತು. ಮಂಡ್ಯದವನು ಹೊಸ ಓವನ್ ತಂದು ಇದೇ ಉಪಾಯ ಮಾಡಿದ, ಮೂರು ವಾರ ಇಡ್ಲಿ ಕಲ್ಲಾಯಿತು. ಬೇಳೆ ಬದಲಾಯಿಸಿದ, ಉಪ್ಪು ಬದಲಾಯಿಸಿದ, ಹೆಂಡತಿಯ ಕೈಗುಣದ ಬಗ್ಗೆ ಒಂದು ಮಾತಾಡಿ ಅದರ ಫಲವನ್ನೂ ಅನುಭವಿಸಿದ. ಕೊನೆಗೆ ಗೊತ್ತಾಯಿತು, ಹೊಸ ಓವನ್ನಿನದು ಎಲ್‌ಇಡಿ ದೀಪ. ಬೆಳಕು ಜೋರು, ಬಿಸಿ ಮಾತ್ರ ಇಲ್ಲ. ಈಗ ಪಾತ್ರೆ ಪಕ್ಕ ಕುದಿನೀರಿನ ಚೊಂಬು ಇಟ್ಟು ಬಾಗಿಲು ಹಾಕುತ್ತಾನೆ, ಮಲಗುವ ಮುಂಚೆ ಒಮ್ಮೆ ನೀರು ಬದಲಾಯಿಸುತ್ತಾನೆ. ಬೆಳಗ್ಗೆ ಒಂದು ಚಿಟಿಕೆ ಹಿಟ್ಟು ನೀರಿಗೆ ಬಿಟ್ಟು, ತೇಲಿದರೆ ಗುಂಪಿಗೆಲ್ಲ ಫೋಟೋ ಕಳಿಸುತ್ತಾನೆ. ಮಗ ಹುಟ್ಟಿದಾಗಲೂ ಇಷ್ಟು ಫೋಟೋ ಬಂದಿರಲಿಲ್ಲ.

ತಮಾಷೆ ಅಂದರೆ, ಜರ್ಮನರು ಹೆಮ್ಮೆಯಿಂದ ತಿನ್ನುವ ಹುಳಿ ಕೋಸು, ಸೌವರ್‌ಕ್ರೌಟ್, ಅದನ್ನು ಮೊದಲು ಹುಳಿಗೆ ಹಚ್ಚುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾವೇ ನಮ್ಮ ಇಡ್ಲಿ ಹಿಟ್ಟಿನಲ್ಲೂ ಮುಖ್ಯ ಆಳು. ಕೋಸಿನಲ್ಲಿ ಅದು 18 ಡಿಗ್ರಿಯಲ್ಲೂ ಗೊಣಗದೆ ದುಡಿಯುತ್ತದೆ, ಅವರೂ ವಾರಗಟ್ಟಲೆ ಕಾಯುತ್ತಾರೆ. ನಮಗೆ ಬೆಳಗಾಗುವಷ್ಟರಲ್ಲಿ ಬೇಕು. "ಡೆಡ್‌ಲೈನ್ ಕೊಟ್ಟಿದ್ದು ಬೆಂಗಳೂರಿನ ಮ್ಯಾನೇಜರ್, ಕೆಲ್ಸ ಮಾಡ್ತಿರೋದು ಜರ್ಮನ್ ಎಂಪ್ಲಾಯಿ, ಇನ್ನೇನಾಗುತ್ತೆ?" ಅಂತ ಮಂಡ್ಯದವನ ವಿಶ್ಲೇಷಣೆ.

ಊರಿಂದ ಕರಿಬೇವು ತಂದುಬಿಡೋಣ ಅಂದರೆ ಅದಕ್ಕೂ ಕತ್ತರಿ. 2019ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟಕ್ಕೆ ಹಸಿ ಸೊಪ್ಪು, ತರಕಾರಿ, ಹಣ್ಣು ತರುವ ಪ್ರಯಾಣಿಕರಿಗೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ವಿನಾಯಿತಿ ಇರುವುದು ಐದಕ್ಕೆ ಮಾತ್ರ: ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡುರಿಯನ್. ಹಾಲಿನ ಪದಾರ್ಥ ತರುವಂತಿಲ್ಲ, ಅಂದರೆ ಅಮ್ಮ ಕಾಯಿಸಿದ ತುಪ್ಪಕ್ಕೂ ತಡೆ. ಪಟ್ಟಿ ಓದಿದ ಅಕ್ಕ ಹೇಳಿದರು, "ಬಾಳಿಹಣ್ಣು, ತೆಂಗಿನಕಾಯಿ ಬಿಟ್ಟಾರಂದ್ರ, ಕಾನೂನು ಬರದವರ ಮನ್ಯಾಗ ಯಾರೋ ಉಡಿ ತುಂಬಾಕ ನಿಂತಿದ್ರು."

ಆಫೀಸಿನ ಕತೆ ಬೇರೆ. ಇಲ್ಲಿ ಹುಟ್ಟುಹಬ್ಬ ಯಾರದೋ ಅವರೇ ಕೇಕ್ ತರಬೇಕು. ಅದೇನೂ ಹೊಸದಲ್ಲ, ಬೆಂಗಳೂರಿನಲ್ಲೂ "ಪಾರ್ಟಿ ಎಲ್ಲಿ?" ಅಂತ ಪ್ರಾಣ ತಿನ್ನುವುದಿಲ್ಲವೇ? ಆದರೆ ಹುಟ್ಟುಹಬ್ಬಕ್ಕೆ ಮುಂಚೆ ಶುಭಾಶಯ ಹೇಳುವುದು ಇಲ್ಲಿ ಅಪಶಕುನ. ಮಂಡ್ಯದವನು ತನ್ನ ಬಾಸಿನ ಹುಟ್ಟುಹಬ್ಬ ಭಾನುವಾರ ಅಂತ ತಿಳಿದು, ಶುಕ್ರವಾರವೇ ಕೈಕುಲುಕಿ, ನೂರು ವರ್ಷ ಬಾಳಿ ಅಂದ. ಬೆಕ್ಕು ಅಡ್ಡ ಬಂದಂತೆ ಅವರ ಮುಖ ಪೆಚ್ಚಾಯಿತು. "ಇಷ್ಟು ವರ್ಷ ಶಕುನ ನೋಡೋರು ನಾವು ಮಾತ್ರ ಅಂದ್ಕಂಡಿದ್ದೆ ಕಣ್ರಪ್ಪ" ಅಂತ ಅವನಿಗೆ ಒಳಗೊಳಗೇ ಸಮಾಧಾನ. ಇನ್ನೊಂದು ಸಲ, ಉಳಿದ ರಜೆಯನ್ನು ದಯವಿಟ್ಟು ಮುಗಿಸಿ ಅಂತ ಕಂಪನಿಯಿಂದ ಮೇಲ್ ಬಂತು. ತಂಗಿ ಮದುವೆಗೆ ಮೂರು ದಿನ ಕೇಳಿದಾಗ "ಮೂರು ಯಾಕೆ?" ಅನ್ನಿಸಿಕೊಂಡು ಬೆಳೆದವನು, ಇದು ಕೆಲಸದಿಂದ ತೆಗೆಯುವ ನಯವಾದ ದಾರಿ ಇರಬೇಕು ಅಂತ ರಾತ್ರಿ ಇಡೀ ನಿದ್ದೆಗೆಟ್ಟ.

ಈ ರಜೆಯ ವಿಷಯದಲ್ಲೇ ನಮಗೆ ದೊಡ್ಡ ಪೆಟ್ಟು ಬಿದ್ದದ್ದು. ಬವೇರಿಯಾದಲ್ಲಿ ನವೆಂಬರ್ 1 ಸರ್ಕಾರಿ ರಜೆ! ದೆಹಲಿಯಲ್ಲಿ ಸಿಗದ ರಾಜ್ಯೋತ್ಸವದ ರಜೆ ಮ್ಯೂನಿಕ್‌ನಲ್ಲಿ ಸಿಕ್ಕಿತು ಅಂತ ಮೊದಲ ವರ್ಷ ಕುಣಿದಾಡಿದೆವು. ಕುಣಿಯುವುದೇ ತಪ್ಪು ಅಂತ ಆಮೇಲೆ ತಿಳಿಯಿತು. ಅದು ಕ್ರೈಸ್ತರ ಸಕಲ ಸಂತರ ದಿನ, ಜನ ಸಮಾಧಿಗಳಿಗೆ ಹೂ ದೀಪ ಇಟ್ಟು ಬರುವ ದಿನ, ಕಾನೂನಿನ ಪ್ರಕಾರ 'ಮೌನದ ದಿನ'. ನಸುಕಿನ 2ರಿಂದ ನಡುರಾತ್ರಿ 12ರವರೆಗೆ ಸಾರ್ವಜನಿಕವಾಗಿ ಕುಣಿತದ ಕಾರ್ಯಕ್ರಮ ಇಡುವಂತಿಲ್ಲ.

ಮಂಡ್ಯದವನು ಬೆರಳು ಮಡಚಿ ಲೆಕ್ಕ ಹಾಕಿದ. "ಹನ್ನೆರಡರಿಂದ ಎರಡರವರ್ಗೂ ಟೈಮ್ ಐತಲ್ಲ? ಹನ್ನೆರಡಕ್ಕೆ ಬಾವುಟ ಹಾರ್ಸಿ, ತಮಟೆ ಬಾರ್ಸಿ, ಎರಡಕ್ಕೆ ಮುಗ್ಸುದ್ರಾಯ್ತು."

"ರಾತ್ರಿ ಹತ್ತರ ಮ್ಯಾಲ ಸಪ್ಪಳ ಮಾಡೂ ಹಂಗಿಲ್ಲಲ್ಲೋ ಮಾರಾಯ," ಅಂದರು ಅಕ್ಕ. "ತಮಟಿನೂ ಮ್ಯೂಟ್‌ನ್ಯಾಗ ಬಾರಿಸ್ತೀ ಏನು?"

ಅಂದಿನಿಂದ ನಮ್ಮ ರಾಜ್ಯೋತ್ಸವ ನವೆಂಬರ್‌ನಲ್ಲಿ ಹಾಲ್ ಸಿಕ್ಕ ಯಾವುದೋ ಒಂದು ಶನಿವಾರ. ಈ ಕಡೆ ಬರುವವರಿದ್ದರೆ ಬನ್ನಿ. ಕರಿಬೇವು ಬೇಡ, ತುಪ್ಪ ಬೇಡ. ಸಾರಿನ ಪುಡಿ ತನ್ನಿ, ಜೊತೆಗೆ ತೆಂಗಿನಕಾಯಿ ಎಷ್ಟು ಹೊರಲು ಆಗುತ್ತದೋ ಅಷ್ಟು ತನ್ನಿ. ಕಾಯಿ ಶನಿವಾರ ರಾತ್ರಿ ಹತ್ತರೊಳಗೆ ಒಡೆಯೋಣ, ಕೆಳಗೆ ಅಜ್ಜಿ ಇದ್ದಾರೆ.